ಐದು ವರ್ಷ ಅಂದರೆ ಯಾವ ತಾರೀಕಿನಿಂದ?

ಕಳೆದ ವರ್ಷ, ಅಂದರೆ 2025ರ ಏಪ್ರಿಲ್‌ನಲ್ಲಿ, ವಿಷು ಕಳೆದ ಮರುವಾರ ನೀರ್ಚಾಲಿನ ನಮ್ಮ ಮಾಷ್ಟ್ರು ಫೋನ್ ಮಾಡಿದರು. ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು. "ನೀನು ಮಂಗಳೂರಿನಲ್ಲಿ ಫಂಡ್ ಕಂಪೆನಿಯಲ್ಲಿ ಇದ್ದವ ಅಲ್ವಾ, ಒಂದು ಕಾಗದ ಉಂಟು, ನೋಡಿ ಹೇಳು ಮಾರಾಯ" ಎಂದರು.

ಹೋದೆ. ಜಗಲಿಯ ಮೇಜಿನಲ್ಲಿ ಫಂಡಿನ ತಿಂಗಳ ಲೆಕ್ಕದ ಕಾಗದ, ಅಂದರೆ ಒಂದು ಫ್ಯಾಕ್ಟ್‌ಶೀಟ್ ಪ್ರಿಂಟ್ ಮಾಡಿ ಇಟ್ಟಿದ್ದರು. ದೊಡ್ಡ ಕಂಪೆನಿಗಳ ಶೇರಿನಲ್ಲಿ ದುಡ್ಡು ಹಾಕುವ ಲಾರ್ಜ್ ಕ್ಯಾಪ್ ಮ್ಯೂಚುವಲ್ ಫಂಡ್ ಒಂದರದ್ದು. ಪೂರಾ ಇಂಗ್ಲಿಷ್. ನಮ್ಮ ಕಡೆ ಸರಕಾರಿ ಕಾಗದ ಮಲಯಾಳದಲ್ಲಿ ಬರುತ್ತದೆ, ದುಡ್ಡಿನ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡದಲ್ಲಿ ಬರುವುದು ಮದುವೆ ಕಾಗದ ಮಾತ್ರ. ಹಾಗಾಗಿ ಮಾಷ್ಟ್ರು ಅಕ್ಷರ ಬಿಟ್ಟು ಅಂಕೆ ಮಾತ್ರ ಓದಿದ್ದರು. ಒಂದು ಅಂಕೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಐದು ವರ್ಷದ ಸಾಲಿನಲ್ಲಿ 24.2.

"ಸೊಸೈಟಿಯಲ್ಲಿ ಇದರ ಮೂರನೇ ಒಂದು ಪಾಲು ಸಿಕ್ಕಿದರೆ ಹೆಚ್ಚು. ಇಲ್ಲಿ 24 ಪರ್ಸೆಂಟ್. ಅಡಿಕೆಯ ದುಡ್ಡು ಐದು ಲಕ್ಷ ಉಂಟು, ಹಾಕಲಾ?"

ಅವರು ಎಲ್ಲಿ ತಪ್ಪಿದ್ದರು ಎಂಬುದು ಅಲ್ಲೇ ಗೊತ್ತಾಯಿತು. ನಮ್ಮಲ್ಲಿ ಹೆಚ್ಚಿನವರು ತಪ್ಪುವುದೂ ಅಲ್ಲೇ. ಸೊಸೈಟಿ ಡಿಪಾಸಿಟಿನ ರಸೀದಿಯಲ್ಲಿ ಬರೆದ ಶೇಕಡಾ ಮುಂದೆ ಸಿಗುವುದರ ಲೆಕ್ಕ. ಫ್ಯಾಕ್ಟ್‌ಶೀಟಿನಲ್ಲಿ ಬರೆದದ್ದು ಆಗಿ ಹೋದದ್ದರ ಲೆಕ್ಕ. ನೋಡಲು ಎರಡೂ ಒಂದೇ ತರ. ಜೀವಮಾನ ಇಡೀ ಡಿಪಾಸಿಟ್ ರಸೀದಿ ನೋಡಿದ ಕಣ್ಣು ಈ ಕಾಗದವನ್ನೂ ಹಾಗೆಯೇ ಓದುತ್ತದೆ. "ಹಿಂದಿನ ಫಲಿತಾಂಶ ಮುಂದೆಯೂ ಸಿಗುತ್ತದೆ ಎಂದಲ್ಲ" ಎಂಬ ಎಚ್ಚರಿಕೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ನಿಜ. ಆದರೆ ಆ 24 ಆಗಿ ಹೋದದ್ದರ ಲೆಕ್ಕವಾಗಿಯೂ ಎಷ್ಟು ದುರ್ಬಲ ಎಂದು ಅದು ಹೇಳುವುದಿಲ್ಲ.

ನಾನು ಮಾಷ್ಟ್ರಿಗೆ ಕೇಳಿದ ಪ್ರಶ್ನೆ ಒಂದೇ. "ಐದು ವರ್ಷ ಅಂದರೆ ಯಾವ ತಾರೀಕಿನಿಂದ ಮಾಷ್ಟ್ರೇ?"

ಕಾಗದ 2025ರ ಮಾರ್ಚ್ ಕೊನೆಯದ್ದು. ಅಲ್ಲಿಂದ ಐದು ವರ್ಷ ಹಿಂದೆ ಹೋದರೆ 2020ರ ಮಾರ್ಚ್ ಕೊನೆ. ಲಾಕ್‌ಡೌನ್ ಶುರುವಾಗಿ ವಾರ ಆಗಿತ್ತಷ್ಟೆ. ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿದ ದಿನಗಳು, ಇಲ್ಲಿನವರು ಯಾರೂ ಮರೆತಿಲ್ಲ. ಆ ಮಾರ್ಚ್ 23ರಂದು ಐವತ್ತು ದೊಡ್ಡ ಕಂಪೆನಿಗಳ ಶೇರು ಸೂಚ್ಯಂಕ ನಿಫ್ಟಿ 7,610ಕ್ಕೆ ಇಳಿದಿತ್ತು. ತಿಂಗಳ ಕೊನೆಗೆ ಸ್ವಲ್ಪ ಏರಿ 8,598ರಲ್ಲಿ ನಿಂತಿತು. ಮಾಷ್ಟ್ರ ಕಾಗದದ ಐದು ವರ್ಷ ಹೊರಟದ್ದು ಆ ಗುಂಡಿಯಿಂದ.

ತೋಟ ಇರುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೊಳೆರೋಗ ಬಂದ ವರ್ಷ ಎಂಟು ಕ್ವಿಂಟಾಲ್ ಆಗುವ ತೋಟದಲ್ಲಿ ಮೂರೇ ಕ್ವಿಂಟಾಲ್ ಆಯಿತು ಅನ್ನಿ. ಐದು ವರ್ಷ ಬಿಟ್ಟು ಒಂಬತ್ತು ಆಯಿತು. ತೋಟ ಮಾರಲು ಬಂದವ "ಐದು ವರ್ಷದಲ್ಲಿ ಫಸಲು ಮೂರು ಪಟ್ಟು" ಎಂದು ಹೇಳಿದರೆ ಅದು ಸುಳ್ಳಲ್ಲ. ಆದರೆ ಅವನ ಮಾತು ನಂಬಿ ನೀವು ರೇಟು ಜಾಸ್ತಿ ಕೊಡುತ್ತೀರಾ? ಆ ವರ್ಷ ಮಳೆ ಹೇಗಿತ್ತು ಎಂದು ಮೊದಲು ಕೇಳುತ್ತೀರಿ.

ಲೆಕ್ಕ ಕೈಯಲ್ಲೇ ಮಾಡಿ ನೋಡುವ ಎಂದೆ. ಫಂಡನ್ನು ಬದಿಗಿಟ್ಟು ಬರೀ ನಿಫ್ಟಿ ಸೂಚ್ಯಂಕ ತೆಗೆದುಕೊಂಡೆವು. 2025ರ ಮಾರ್ಚ್ 31 ಈದ್ ರಜೆ, ಹಾಗಾಗಿ 28ರ ಮುಕ್ತಾಯವೇ ಆ ತಿಂಗಳ ಕೊನೆಯ ಅಂಕೆ. 23,519. ಅದನ್ನು 2019ರ ಡಿಸೆಂಬರಿನಿಂದ 2024ರ ಡಿಸೆಂಬರಿಗೆ ಆಗುವ ಐದು ವರ್ಷದ ಪಕ್ಕದಲ್ಲಿ ಇಟ್ಟೆವು. ಎಕ್ಸೆಲ್‌ನಲ್ಲಿ ಹೀಗೆ ಬರೆದರೆ ಸಾಕು:

```
=(23519.35/8597.75)^(1/5)-1
=(23644.80/12168.45)^(1/5)-1
```

ಮೊದಲನೆಯದು 2025 ಮಾರ್ಚ್ ಕೊನೆಗೆ ಆದ ಐದು ವರ್ಷ. ಉತ್ತರ ವರ್ಷಕ್ಕೆ ಶೇ. 22.3. ಎರಡನೆಯದು ಬರೀ ಮೂರು ತಿಂಗಳ ಮೊದಲು, 2024 ಡಿಸೆಂಬರ್ ಕೊನೆಗೆ ಆದ ಐದು ವರ್ಷ. ಉತ್ತರ ಶೇ. 14.2.

ಈ ಎರಡು ಸಾಲನ್ನು ಸ್ವಲ್ಪ ನಿಂತು ನೋಡಬೇಕು. ಡಿಸೆಂಬರಿನಿಂದ ಮಾರ್ಚಿಗೆ ನಿಫ್ಟಿ ಏರಲೇ ಇಲ್ಲ. 23,645 ಇದ್ದದ್ದು 23,519ಕ್ಕೆ ಇಳಿಯಿತು. ಹೂಡಿದವನ ಕೈಗೆ ಆ ಮೂರು ತಿಂಗಳಲ್ಲಿ ಒಂದು ರೂಪಾಯಿ ಜಾಸ್ತಿ ಬಂದಿಲ್ಲ. ಆದರೂ ಕಾಗದದಲ್ಲಿ ಐದು ವರ್ಷದ ಅಂಕೆ 14ರಿಂದ 22ಕ್ಕೆ ಹಾರಿತು. ಅಂಕೆಯನ್ನು ಹಾರಿಸಿದ್ದು ಮುಗಿಯುವ ತಾರೀಕಲ್ಲ, ಹೊರಡುವ ತಾರೀಕು. 2019 ಡಿಸೆಂಬರಿನ 12,168ರ ಜಾಗಕ್ಕೆ 2020 ಮಾರ್ಚಿನ 8,598 ಬಂದು ಕೂತಿತು.

ಇದರ ತಲೆಕೆಳಗಾದದ್ದೂ ಉಂಟು. 2020ರ ಮಾರ್ಚ್ ಕೊನೆಗೆ ಅಚ್ಚಾದ ಫ್ಯಾಕ್ಟ್‌ಶೀಟುಗಳನ್ನು ಯಾರಾದರೂ ತೆಗೆದಿಟ್ಟಿದ್ದರೆ ನೋಡಿ. 2015ರ ಮಾರ್ಚ್ ಕೊನೆಗೆ ನಿಫ್ಟಿ 8,491. ಐದು ವರ್ಷ ಬಿಟ್ಟು 8,598. ವರ್ಷಕ್ಕೆ ಕಾಲು ಪರ್ಸೆಂಟು! ಡಿವಿಡೆಂಡ್ ಸೇರಿಸಿದರೆ ಸ್ವಲ್ಪ ಮೇಲೆ, ಅಷ್ಟೆ. ಆಗ ಆ ಕಾಗದ ನೋಡಿದ ಕೆಲವರು "ಶೇರು ಮಾರ್ಕೆಟ್ ಅಂದರೆ ಇಷ್ಟೇ" ಎಂದು ದುಡ್ಡು ತೆಗೆದರು. ಕಾಗದ ಅತ್ಯಂತ ಕೆಟ್ಟದಾಗಿ ಕಂಡ ದಿನವೇ ಕೊಳ್ಳಲು ಒಳ್ಳೆಯ ದಿನ ಆಗಿತ್ತು. ಚಂದ ಕಂಡ ದಿನದ ಬಗ್ಗೆ ಮುಂದೆ ಹೇಳುತ್ತೇನೆ.

ಹಾಗಾದರೆ ಯಾವ ಅಂಕೆ ನಂಬುವುದು? ಒಂದೇ ಅಂಕೆಯನ್ನು ನಂಬಬಾರದು, ಸಾಲು ನೋಡಬೇಕು. ಪ್ರತಿ ಡಿಸೆಂಬರ್ ಕೊನೆಗೆ ಹಿಂದಿನ ಐದು ವರ್ಷದ ಲೆಕ್ಕ ಹಾಕಿದರೆ, 2019ರಿಂದ 2025ರವರೆಗೆ ನಿಫ್ಟಿಯ ಏಳು ಅಂಕೆ ಹೀಗೆ ಬರುತ್ತವೆ: 8, 12, 16, 11, 15, 14, 13. ಇದು ಹೆಚ್ಚು ಪ್ರಾಮಾಣಿಕ ಚಿತ್ರ. ಫಂಡಿಗೂ ಹೀಗೆಯೇ ಮಾಡಬಹುದು. amfiindia.com ನಲ್ಲಿ ಯಾವ ಫಂಡಿನ ಹಳೆಯ ಎನ್‌ಎವಿ ಬೇಕಾದರೂ ತಾರೀಕು ಹಾಕಿ ತೆಗೆಯಬಹುದು. ಫಂಡಿನ ಒಂದು ಯೂನಿಟ್ಟಿನ ಬೆಲೆ ಅದು. ಏಳೆಂಟು ಡಿಸೆಂಬರಿನ ಎನ್‌ಎವಿ ಬರೆದುಕೊಂಡರೆ ಮೇಲಿನ ಸೂತ್ರ ಸಾಕು. ಅರ್ಧ ಗಂಟೆಯ ಕೆಲಸ.

ಫ್ಯಾಕ್ಟ್‌ಶೀಟಿನಲ್ಲೇ ಇರುವ ಇನ್ನೊಂದು ಆಸರೆ ಬೆಂಚ್‌ಮಾರ್ಕ್ ಸಾಲು. ಫಂಡನ್ನು ಹೋಲಿಸಿ ನೋಡಲು ಇಟ್ಟ ಸೂಚ್ಯಂಕದ ಲೆಕ್ಕ ಅದು. ಮಾಷ್ಟ್ರ ಕಣ್ಣು ಅದರ ಮೇಲೆ ಬಿದ್ದಿರಲೇ ಇಲ್ಲ. ಫಂಡು ಗುಂಡಿಯಿಂದ ಹೊರಟರೆ ಬೆಂಚ್‌ಮಾರ್ಕೂ ಅದೇ ಗುಂಡಿಯಿಂದ ಹೊರಟಿರುತ್ತದೆ. ಅಲ್ಲಿ ನೋಡಿದರೆ ಅದರದ್ದೂ 23 ಚಿಲ್ಲರೆ. ಅಂದರೆ ಆ 24ರಲ್ಲಿ ಫಂಡ್ ಮ್ಯಾನೇಜರನ ಕೈಚಳಕ ಅಂತ ಹೇಳುವಂಥದ್ದು ಏನೂ ಉಳಿಯಲಿಲ್ಲ, ಎಲ್ಲಾ ಮಾರ್ಕೆಟ್ ಎತ್ತಿದ್ದೇ. ನಾವು ಲೆಕ್ಕ ಹಾಕಿದ 22.3ಕ್ಕೂ ಬೆಂಚ್‌ಮಾರ್ಕಿನ 23 ಚಿಲ್ಲರೆಗೂ ವ್ಯತ್ಯಾಸ ಯಾಕೆ ಎಂದು ಮಾಷ್ಟ್ರು ಕೂಡಲೇ ಹಿಡಿದರು, ಲೆಕ್ಕದ ಮಾಷ್ಟ್ರಲ್ವಾ. ಮುಖ್ಯ ಕಾರಣ ಡಿವಿಡೆಂಡ್. ಬೆಂಚ್‌ಮಾರ್ಕಿನ ಹೆಸರಿನ ಕೊನೆಯಲ್ಲಿ ಟಿಆರ್‌ಐ ಎಂದು ಇದ್ದರೆ ಕಂಪೆನಿಗಳು ಕೊಟ್ಟ ಡಿವಿಡೆಂಡೂ ಸೇರಿದೆ ಎಂದು ಅರ್ಥ. 2018ರ ಫೆಬ್ರವರಿಯಿಂದ ಶೇರು ಪೇಟೆಯ ನಿಯಂತ್ರಕ ಸೆಬಿ ಇದನ್ನು ಕಡ್ಡಾಯ ಮಾಡಿತು. ಅದಕ್ಕೆ ಮೊದಲು ಫಂಡಿನ ಲೆಕ್ಕದಲ್ಲಿ ಡಿವಿಡೆಂಡ್ ಇರುತ್ತಿತ್ತು, ಬೆಂಚ್‌ಮಾರ್ಕಿನಲ್ಲಿ ಇರುತ್ತಿರಲಿಲ್ಲ. ಸುಮ್ನೆ ಕೂತ ಫಂಡೂ ಗೆದ್ದಂತೆ ಕಾಣುತ್ತಿತ್ತು.

ಅಷ್ಟು ಹೊತ್ತಿಗೆ ಚಾ ಬಂತು. ಮಾಷ್ಟ್ರು ಫಾರಂ ತಂದು ತೋರಿಸಿದರು. ಏಜೆಂಟ್ ಹುಡುಗ ಮೊದಲೇ ತುಂಬಿಸಿಟ್ಟಿದ್ದ. ಫಂಡಿನ ಹೆಸರಿನ ಮುಂದೆ "ರೆಗ್ಯುಲರ್" ಎಂದಿತ್ತು. ಸುತ್ತು ಹಾಕಿದ 24.2 ಇದ್ದದ್ದು "ಡೈರೆಕ್ಟ್" ಎಂಬ ಸಾಲಿನಲ್ಲಿ. ರೆಗ್ಯುಲರ್ ಸಾಲಿನಲ್ಲಿ ಇದ್ದದ್ದು 23.0. ಬೆಂಚ್‌ಮಾರ್ಕಿಗಿಂತ ತುಸು ಕೆಳಗೆ. ಹುಡುಗ ಬೇಕೆಂದೇ ಮಾಡಿದನೋ, ದೊಡ್ಡ ಅಂಕೆಗೆ ಕೈ ತಾನಾಗಿ ಹೋಯಿತೋ ಗೊತ್ತಿಲ್ಲ. ತೋರಿಸಿದ್ದು ಒಂದು, ಮಾರಿದ್ದು ಇನ್ನೊಂದು.

ಇಲ್ಲಿ ಖರ್ಚಿನ ವಿಷಯ ಬರುತ್ತದೆ. ಒಂದೇ ಫಂಡು, ಒಂದೇ ಶೇರುಗಳು, ಒಂದೇ ಮ್ಯಾನೇಜರು. ಡೈರೆಕ್ಟ್‌ನಲ್ಲಿ ನೀವು ಕಂಪೆನಿಗೆ ನೇರ ದುಡ್ಡು ಕಟ್ಟುತ್ತೀರಿ. ರೆಗ್ಯುಲರ್‌ನಲ್ಲಿ ಏಜೆಂಟಿನ ಕಮಿಷನ್ ಫಂಡಿನ ಖರ್ಚಿನೊಳಗೆ ಸೇರಿರುತ್ತದೆ. ಆ ಕಮಿಷನ್ ಒಂದು ಸಲದ್ದಲ್ಲ. ದುಡ್ಡು ಅಲ್ಲಿ ಇರುವಷ್ಟು ವರ್ಷ ಹೋಗುತ್ತಾ ಇರುತ್ತದೆ. ಮಾಷ್ಟ್ರ ಕಾಗದದಲ್ಲಿ ವರ್ಷಕ್ಕೆ ಆಗುವ ಖರ್ಚಿನ ಶೇಕಡಾ, ಅಂದರೆ ಎಕ್ಸ್‌ಪೆನ್ಸ್ ರೇಶಿಯೋ ರೆಗ್ಯುಲರ್‌ಗೆ 1.7, ಡೈರೆಕ್ಟ್‌ಗೆ 0.7.

"ಹಾಗಾದರೆ 23ರಿಂದ 1.7 ಕಳೆಯಬೇಕಾ?" ಎಂದರು. ಬೇಡ. ಇದು ತುಂಬ ಜನರಿಗೆ ಬರುವ ಸಂಶಯ. ಖರ್ಚನ್ನು ದಿನಕ್ಕೆ ಇಷ್ಟು ಎಂದು ಫಂಡಿನ ದುಡ್ಡಿನಿಂದ ಮೊದಲೇ ತೆಗೆದು, ಉಳಿದದ್ದರ ಮೇಲೆ ಎನ್‌ಎವಿ ಬರೆಯುತ್ತಾರೆ. ಹಾಗಾಗಿ ಅಚ್ಚಾದ ರಿಟರ್ನ್ ಖರ್ಚು ಕಳೆದದ್ದೇ. ಮತ್ತೊಮ್ಮೆ ಕಳೆದರೆ ಎರಡು ಸಲ ಕಳೆದಂತೆ.

ಕಾಣದ ಹಾಗೆ ಹೋಗುವುದರಿಂದಲೇ ಅದು ದೊಡ್ಡದು ಅನಿಸುವುದಿಲ್ಲ. ಐದು ಲಕ್ಷಕ್ಕೆ 1.7 ಅಂದರೆ ವರ್ಷಕ್ಕೆ 8,500 ರೂಪಾಯಿ. 0.7 ಅಂದರೆ 3,500. ಮಾರ್ಕೆಟ್ ಬಿದ್ದ ವರ್ಷವೂ ಅಷ್ಟೇ ಶೇಕಡಾ ಹೋಗುತ್ತದೆ. 20 ವರ್ಷಕ್ಕೆ ಲೆಕ್ಕ ಹಾಕಿದೆವು. ಖರ್ಚಿಗೆ ಮೊದಲು ವರ್ಷಕ್ಕೆ ಶೇ. 12 ಎಂದು ಸುಮ್ನೆ ಇಟ್ಟುಕೊಳ್ಳಿ. ಡೈರೆಕ್ಟ್‌ನಲ್ಲಿ 11.3ರಂತೆ ಐದು ಲಕ್ಷ 42.5 ಲಕ್ಷ ಆಗುತ್ತದೆ. ರೆಗ್ಯುಲರ್‌ನಲ್ಲಿ 10.3ರಂತೆ 35.5 ಲಕ್ಷ. ಏಳು ಲಕ್ಷದ ವ್ಯತ್ಯಾಸ. ಹಾಕಿದ ಅಸಲಿಗಿಂತ ಜಾಸ್ತಿ. ಆ ಶೇ. 12 ನನ್ನ ಊಹೆ. ಒಂದು ಶೇಕಡಾ ಖರ್ಚಿನ ವ್ಯತ್ಯಾಸ ಊಹೆಯಲ್ಲ, ಕಾಗದದಲ್ಲೇ ಇದ್ದದ್ದು. ಆ ಕಾಗದದಲ್ಲಿ ಮುಂದಿನ ದಿನಗಳ ಬಗ್ಗೆ ಏನಾದರೂ ಹೇಳುವ ಅಂಕೆ ಇದ್ದರೆ ಅದು ಇದೊಂದೇ.

ಡೈರೆಕ್ಟ್ ಮತ್ತು ರೆಗ್ಯುಲರ್ ಹೋಲಿಸುವಾಗಲೂ ತಾರೀಕಿನ ಬಲೆ ಒಂದು ಉಂಟು. "ಆರಂಭದಿಂದ" ಎಂಬ ಕೊನೆಯ ಸಾಲು. ಡೈರೆಕ್ಟ್ ಪ್ಲಾನುಗಳು ಹುಟ್ಟಿದ್ದೇ 2013ರ ಜನವರಿ 1ಕ್ಕೆ. ಹಳೆಯ ಫಂಡಿನ ರೆಗ್ಯುಲರ್ ಲೆಕ್ಕ ಅದಕ್ಕೂ ಎಷ್ಟೋ ವರ್ಷ ಹಿಂದಿನಿಂದ ಬರುತ್ತದೆ. ಆ ಸಾಲಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ರೆಗ್ಯುಲರ್ರೇ ಮೇಲೆ ಕಾಣಬಹುದು. ಅದು ಬೇರೆ ಬೇರೆ ದಿನ ಹೊರಟ ಎರಡು ಬಸ್ಸು. ಅಲ್ಲದೆ 2017ರ ಅಕ್ಟೋಬರಿನಲ್ಲಿ ಸೆಬಿ ಫಂಡುಗಳನ್ನು ಹೊಸದಾಗಿ ವಿಂಗಡಿಸಿತು. ಅದಾದ ಮೇಲೆ ಎಷ್ಟೋ ಫಂಡುಗಳು ಹೆಸರನ್ನೂ ಶೇರು ಆರಿಸುವ ರೀತಿಯನ್ನೂ ಬದಲಿಸಿದವು. ಆರಂಭದಿಂದ ಎಂದು ಅಚ್ಚು ಹಾಕಿದ ಲೆಕ್ಕದಲ್ಲಿ ಅರ್ಧ ಬೇರೆಯೇ ಫಂಡಿನದ್ದು ಇರಬಹುದು.

ಮಾಷ್ಟ್ರು ಕೊನೆಗೆ ಮೂರು ಲಕ್ಷ ಹಾಕಿದರು, ರೆಗ್ಯುಲರ್‌ನಲ್ಲೇ. "ನಾಮಿನಿ ಬದಲಿಸಲಿಕ್ಕೆ, ಕಾಗದ ಸರಿ ಮಾಡಲಿಕ್ಕೆ ಮನೆಗೆ ಬರುವ ಜನ ಬೇಕು ನನಗೆ. ವರ್ಷಕ್ಕೆ ಮೂರು ಸಾವಿರ ಅವನಿಗೆ ಹೋದರೆ ಹೋಗಲಿ" ಎಂದರು. ನನಗೆ ಅದು ಒಪ್ಪಿಗೆಯೇ. ಮೂರು ಸಾವಿರ ಎಂದು ಗೊತ್ತಿದ್ದು ಕೊಡುವುದು ಬೇರೆ, ಗೊತ್ತಿಲ್ಲದೆ ಕೊಡುವುದು ಬೇರೆ.

ಈ ವರ್ಷ ಜನವರಿಯಲ್ಲಿ ಮತ್ತೆ ಫೋನು. ಡಿಸೆಂಬರ್ ಕೊನೆಯ ಫ್ಯಾಕ್ಟ್‌ಶೀಟ್ ಬಂದಿತ್ತು. ಅದೇ ಫಂಡಿನ ಐದು ವರ್ಷದ ಅಂಕೆ 24ರಿಂದ 14ರ ಹತ್ತಿರಕ್ಕೆ ಇಳಿದಿತ್ತು. ಹುಡುಗ ಮನೆಗೆ ಬಂದು "ಈ ಫಂಡು ಹಾಳಾಯಿತು, ಬಿಡಿ" ಎಂದು ಸಣ್ಣ ಕಂಪೆನಿಗಳ ಸ್ಮಾಲ್ ಕ್ಯಾಪ್ ಫಂಡೊಂದರ ಕಾಗದ ಕೊಟ್ಟಿದ್ದ. ಅದರಲ್ಲಿ ಐದು ವರ್ಷಕ್ಕೆ 20ಕ್ಕಿಂತ ಮೇಲೆ.

ಫಂಡು ಹಾಳಾಗಿರಲಿಲ್ಲ. ಗುಂಡಿಯ ತಾರೀಕು ಕಾಗದದಿಂದ ಆಚೆ ಹೋಗಿತ್ತು, ಅಷ್ಟೆ. ಮಾಷ್ಟ್ರು ದುಡ್ಡು ಹಾಕಿದ ಮೇಲೆ ನಿಫ್ಟಿ ಏರಿಯೇ ಇತ್ತು. ಮಾರ್ಚಿನಲ್ಲಿ 23,519 ಇದ್ದದ್ದು ಡಿಸೆಂಬರ್ ಕೊನೆಗೆ 26,130. ಶೇ. 11 ಮೇಲೆ. ಅದೇ ಒಂಬತ್ತು ತಿಂಗಳಲ್ಲಿ ನಿಫ್ಟಿಯ ಐದು ವರ್ಷದ ಅಂಕೆ 22ರಿಂದ 13ಕ್ಕೆ ಬಿತ್ತು. ದುಡ್ಡು ಬೆಳೆಯುತ್ತಿದೆ, ಅಂಕೆ ಕುಗ್ಗುತ್ತಿದೆ. ಈಗ ಊರೂರಲ್ಲಿ "ನಿಮ್ಮ ಫಂಡು ಇಳಿಯಿತು" ಎಂದು ಹೇಳಿ ಬದಲಾಯಿಸುತ್ತಿರುವ ಕಾಗದಗಳಲ್ಲಿ ಹೆಚ್ಚಿನದರ ಕಥೆ ಇದೇ. ಬದಲಾಯಿಸುವುದು ಅಂದರೆ ಮಾರಿ ಕೊಳ್ಳುವುದು. ಮಾಷ್ಟ್ರದ್ದು ಒಂದು ವರ್ಷ ಆಗಿರಲಿಲ್ಲ. ಲಾಭದ ಮೇಲೆ ಶೇ. 20 ತೆರಿಗೆ ಬೀಳುತ್ತಿತ್ತು, ಮೇಲಿಂದ ಬೇಗ ತೆಗೆದದ್ದಕ್ಕೆ ಎಕ್ಸಿಟ್ ಲೋಡ್ ಬೇರೆ.

ಹುಡುಗ ಇನ್ನೊಂದು ಮಾತು ಹೇಳಿದ್ದನಂತೆ. "ರಿಸ್ಕ್ ಎರಡಕ್ಕೂ ಒಂದೇ ಮಾಷ್ಟ್ರೇ, ಮುಳ್ಳು ನೋಡಿ." ಮುಳ್ಳು ಅಂದರೆ ರಿಸ್ಕೋಮೀಟರ್. ನೋಡಿದರೆ ಎರಡು ಕಾಗದದಲ್ಲೂ ಮುಳ್ಳು ಕೊನೆಯ ಕೆಂಪು ಪಟ್ಟಿಯಲ್ಲಿ, "ಅತಿ ಹೆಚ್ಚು" ಎಂಬಲ್ಲಿ ನಿಂತಿತ್ತು. ಸುಳ್ಳಲ್ಲ. ಆದರೆ ರಿಸ್ಕ್ ಒಂದೇ ಎಂದು ಅದರ ಅರ್ಥವೂ ಅಲ್ಲ.

ಆ ಮುಳ್ಳು ಹೇಗೆ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಗೊಂದಲ ಹೋಗುತ್ತದೆ. ಸೆಬಿಯ ನಿಯಮದಲ್ಲಿ ಶೇರಿಗೆ ಮೂರು ರೀತಿ ಅಂಕ ಕೊಡುತ್ತಾರೆ. ಕಂಪೆನಿಯ ಗಾತ್ರಕ್ಕೆ: ದೊಡ್ಡದಕ್ಕೆ 5, ಮಧ್ಯಮಕ್ಕೆ 7, ಸಣ್ಣದಕ್ಕೆ 9. ಬೆಲೆ ದಿನಾ ಎಷ್ಟು ಕುಣಿಯುತ್ತದೆ ಎಂಬುದಕ್ಕೆ 5 ಅಥವಾ 6. ಮಾರುವಾಗ ಎಷ್ಟು ಸುಲಭಕ್ಕೆ ಗಿರಾಕಿ ಸಿಗುತ್ತಾನೆ ಎಂಬುದಕ್ಕೆ ಇನ್ನೊಂದು, ಅದೂ 5ರಿಂದ ಶುರು. ಮೂರರ ಸರಾಸರಿ 5 ದಾಟಿದರೆ "ಅತಿ ಹೆಚ್ಚು". ಈಗ ಲಾರ್ಜ್ ಕ್ಯಾಪ್ ಫಂಡು ತೆಗೆದುಕೊಳ್ಳಿ. ಹತ್ತರಲ್ಲಿ ಒಂಬತ್ತು ಪಾಲು ದೊಡ್ಡ ಕಂಪೆನಿ, ಒಂದು ಪಾಲು ಮಧ್ಯಮ. ಗಾತ್ರದ ಅಂಕ 5.2. ಉಳಿದೆರಡು 5, 5 ಎಂದರೂ ಸರಾಸರಿ 5.07. ಗೆರೆ ದಾಟಿತು, ಕೆಂಪು. ಬಹುಪಾಲು ಸಣ್ಣ ಕಂಪೆನಿ ಇರುವ ಫಂಡಿಗೆ 6 ದಾಟಬಹುದು, 7ರ ಹತ್ತಿರವೂ ಹೋಗಬಹುದು. ಅದೂ ಅದೇ ಕೆಂಪು. ಅದರ ಮೇಲೆ ಪಟ್ಟಿಯೇ ಇಲ್ಲ. ಮೊಣಕಾಲು ಮುಳುಗುವ ಹೊಳೆಗೂ ಆನೆ ಮುಳುಗುವ ಹೊಳೆಗೂ ಒಂದೇ ಬೋರ್ಡು ಹಾಕಿದ ಹಾಗೆ. ಡಿಪಾಸಿಟ್ ತರದ ಫಂಡನ್ನೂ ಶೇರಿನ ಫಂಡನ್ನೂ ಬೇರೆ ಮಾಡಿ ತೋರಿಸಲು ಮುಳ್ಳು ಸಾಕು. ಎರಡು ಶೇರಿನ ಫಂಡುಗಳ ನಡುವೆ ಅದು ಹೆಚ್ಚೇನೂ ಹೇಳುವುದಿಲ್ಲ.

"ಹಾಗಾದರೆ ಈ ಸ್ಟ್ಯಾಂಡರ್ಡ್ ಡೀವಿಯೇಶನ್?" ಎಂದರು. ಫಂಡಿನ ಏರಿಳಿತ ಅಳೆಯುವ ಅಂಕೆ ಅದು. ಸ್ಮಾಲ್ ಕ್ಯಾಪ್ ಕಾಗದದಲ್ಲಿ ದೊಡ್ಡದಿತ್ತು, ಲಾರ್ಜ್ ಕ್ಯಾಪ್‌ನಲ್ಲಿ ಸಣ್ಣದಿತ್ತು. ಮುಳ್ಳಿಗಿಂತ ಇದು ಎಷ್ಟೋ ವಾಸಿ. ಆದರೆ ಅದರ ಅಡಿಟಿಪ್ಪಣಿ ಓದಿ: ಕಳೆದ ಮೂರು ವರ್ಷದ ತಿಂಗಳ ಲೆಕ್ಕ. ಮತ್ತೆ ತಾರೀಕು. ಈಗಿನ ಕಾಗದದ ಮೂರು ವರ್ಷದಲ್ಲಿ 2020ರ ಬೀಳುವಿಕೆ ಇಲ್ಲವೇ ಇಲ್ಲ. ರಿಸ್ಕಿಗೆ ತಕ್ಕ ಲಾಭ ಬಂತಾ ಎಂದು ಅಳೆಯುವ ಶಾರ್ಪ್ ರೇಶಿಯೋವನ್ನೂ ಅದೇ ಮೂರು ವರ್ಷದಿಂದ ಮಾಡುವುದು. ಮಳೆಗಾಲ ಬಿಟ್ಟು ಬೇಸಿಗೆಯಲ್ಲಿ ಮಾಡು ಸೋರುತ್ತದಾ ಎಂದು ನೋಡಿದ ಹಾಗೆ.

ರಿಸ್ಕ್ ಎಷ್ಟು ಎಂದು ನೋಡಲು ನನಗೆ ಗೊತ್ತಿರುವ ಸುಲಭ ದಾರಿ ಕೆಟ್ಟ ದಿನಗಳ ಎನ್‌ಎವಿ ತೆಗೆದು ರೂಪಾಯಿಗೆ ತಿರುಗಿಸುವುದು. ನಿಫ್ಟಿ 2020ರ ಜನವರಿ 14ಕ್ಕೆ 12,362 ಇತ್ತು. ಮಾರ್ಚ್ 23ಕ್ಕೆ 7,610. ಶೇ. 38 ಇಳಿತ. ಮೂರು ಲಕ್ಷ ಹಾಕಿದವನಿಗೆ ಹತ್ತು ವಾರದಲ್ಲಿ 1.85 ಲಕ್ಷ ಉಳಿದಿತ್ತು. ಆ ಸಲ ನವೆಂಬರಿಗೆ ಹಳೆಯ ಮಟ್ಟಕ್ಕೆ ಬಂತು, ಅದು ಪುಣ್ಯ. 2008ರಲ್ಲಿ ಇಳಿದದ್ದು ಶೇ. 60ರ ಹತ್ತಿರ, ಮೇಲೆ ಬರಲು ವರ್ಷಗಟ್ಟಲೆ ಹಿಡಿಯಿತು. ಸಣ್ಣ ಕಂಪೆನಿಗಳ ಸೂಚ್ಯಂಕವಂತೂ 2018ರ ಜನವರಿಯಿಂದ ಇಳಿಯುತ್ತಾ ಬಂದು 2020ರ ಮಾರ್ಚಿಗೆ ಅರ್ಧಕ್ಕಿಂತ ಜಾಸ್ತಿ ಕಳೆದುಕೊಂಡಿತ್ತು. ಹತ್ತು ವಾರವಲ್ಲ, ಎರಡು ವರ್ಷದ ಇಳಿತ. ಹಾಗೆ ಎರಡು ವರ್ಷ ಇಳಿಯುವಾಗ ಕೈಕಟ್ಟಿ ಕೂರಲು ಆಗುತ್ತದಾ ಎಂಬುದನ್ನು ಯಾವ ಮುಳ್ಳೂ ಹೇಳುವುದಿಲ್ಲ. ಇಷ್ಟು ಇಳಿದಿತ್ತು ಎಂದು ಫ್ಯಾಕ್ಟ್‌ಶೀಟಿನಲ್ಲಿ ಸಾಮಾನ್ಯವಾಗಿ ಅಚ್ಚು ಹಾಕುವುದೂ ಇಲ್ಲ.

ಮಾಷ್ಟ್ರು ಸ್ಮಾಲ್ ಕ್ಯಾಪಿನ ಕಾಗದ ಮತ್ತೆ ಕೈಗೆ ತೆಗೆದುಕೊಂಡರು. ಐದು ವರ್ಷದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 31-12-2020 ಎಂದು ಬರೆದರು. ಅದರ ಕೆಳಗೆ 31-12-2017 ಎಂದು ಇನ್ನೊಂದು ತಾರೀಕು.

"ಈ ಎರಡನೆಯ ದಿನ ಇದರ ಎನ್‌ಎವಿ ಎಷ್ಟಿತ್ತು ಅಂತ ಆ ಹುಡುಗನ ಹತ್ತಿರ ಕೇಳುತ್ತೇನೆ" ಎಂದರು. "ಅವ ತರುವವರೆಗೆ ದುಡ್ಡು ಇದ್ದಲ್ಲೇ ಇರಲಿ."